ಒಂದು ಶಾರ್ಟ್ಸ್ ದಿಢೀರ್ ಓಡಿತೇ? ಬಂದ ವೀಕ್ಷಕರನ್ನು ಉಳಿಸಿಕೊಳ್ಳಲು ಹದಿನಾಲ್ಕು ದಿನದ ಸಮಗ್ರ ಮಾರ್ಗದರ್ಶಿ

ಸಾವಿರ ವ್ಯೂಸ್ ಆಸುಪಾಸಿನಲ್ಲೇ ಇದ್ದ ಯೂಟ್ಯೂಬ್ ಚಾನೆಲ್‌ನ ಒಂದು ಶಾರ್ಟ್ಸ್ ಇದ್ದಕ್ಕಿದ್ದಂತೆ ಲಕ್ಷ ದಾಟುತ್ತದೆ. ಎರಡು ವಾರ ಕಳೆದು ನೋಡಿದರೆ ಹೊಸ ವಿಡಿಯೋಗಳಿಗೆ ಮತ್ತೆ ಅದೇ ಸಾವಿರ. ಬಂದವರೆಲ್ಲ ಎಲ್ಲಿ ಹೋದರು?

ಅವರು ಚಾನೆಲ್‌ಗೆ ಬಂದೇ ಇರಲಿಲ್ಲ. ಶಾರ್ಟ್ಸ್ ಫೀಡ್‌ನಲ್ಲಿ ಬೆರಳು ಸರಿಸುತ್ತಾ ಹೋಗುವಾಗ ಒಂದು ವಿಡಿಯೋದ ಮುಂದೆ ಅರ್ಧ ನಿಮಿಷ ನಿಂತರು, ಮುಂದೆ ಹೋದರು. ಅದು ಯಾರ ಚಾನೆಲ್ ಎಂದು ಹೆಚ್ಚಿನವರು ಗಮನಿಸಿಯೂ ಇರುವುದಿಲ್ಲ. ಹಾಗಾಗಿ ಮಾಡಬೇಕಾದ ಕೆಲಸ ಎರಡು. ಅವರು ಯಾವುದಕ್ಕಾಗಿ ನಿಂತರು ಎಂದು ಕಂಡುಹಿಡಿಯಬೇಕು, ಅದೇ ಕುತೂಹಲದ ಮುಂದಿನ ಹೆಜ್ಜೆಯನ್ನು ಅವರ ಕಣ್ಣಿಗೆ ಬೀಳುವ ಜಾಗದಲ್ಲಿ ಇಡಬೇಕು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಕಮೆಂಟ್ ಓದುವ ಮೊದಲೇ ಮುಂದಿನ ವಿಡಿಯೋ ಚಿತ್ರೀಕರಿಸಿದವರೇ ಹೆಚ್ಚಾಗಿ ಎಡವುವುದು.

ವಿವರಣೆಗೆ ಒಂದು ಕಲ್ಪಿತ ಚಾನೆಲ್ ಇಟ್ಟುಕೊಳ್ಳೋಣ. ಸೈಕಲ್ ರಿಪೇರಿ ಹೇಳಿಕೊಡುವ ಚಾನೆಲ್ ಅದು. ಓಡಿದ್ದು 38 ಸೆಕೆಂಡಿನ ಶಾರ್ಟ್ಸ್: ಮಾಮೂಲಿ ಸ್ಕೇಲ್ ಹಿಡಿದು ಚೈನ್ ಸವೆದಿದೆಯೇ ಎಂದು ನೋಡುವ ಬಗೆ. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್‌ನ ನಡುವಿಗೆ ಹಿಡಿದರೆ, ಹೊಸ ಚೈನ್‌ನಲ್ಲಿ ಅಲ್ಲಿಂದ ಇಪ್ಪತ್ತನಾಲ್ಕನೆಯ ಪಿನ್ ಸರಿಯಾಗಿ 12 ಇಂಚಿನ ಗೆರೆಗೆ ಬರುತ್ತದೆ. ಗೆರೆಯಿಂದ 1/16 ಇಂಚು ಆಚೆ ಸರಿದಿದ್ದರೆ ಚೈನ್ ಬದಲಿಸುವ ಹೊತ್ತು.

## ಬೇಕಾದದ್ದು

ಕಂಪ್ಯೂಟರಿನಲ್ಲಿ ತೆರೆದ ಯೂಟ್ಯೂಬ್ ಸ್ಟುಡಿಯೋ, ಕಮೆಂಟ್ ಎಣಿಸಿ ಬರೆಯಲು ಒಂದು ಹಾಳೆ, ಓಡಿದ ವಿಡಿಯೋ ತೆಗೆದ ಅದೇ ಜಾಗ, ಅದೇ ಬೆಳಕು. ಮೊದಲ ದಿನ ಮೂರು ಗಂಟೆ ಬಿಡುವು ಮಾಡಿಕೊಳ್ಳಿ. ಹೊಸ ಕ್ಯಾಮೆರಾ, ಹೊಸ ಮೈಕ್ ಈಗ ಬೇಡ. ವಿಡಿಯೋದ ಚಹರೆ ಬದಲಾದರೆ ಅದು ಅದೇ ಚಾನೆಲ್ ಎಂದು ಹೊಸಬರಿಗೆ ಗುರುತೇ ಸಿಗುವುದಿಲ್ಲ.

## ಹಂತ 1: ಏರಿಕೆ ನಿಜವೇ ಎಂದು ನೋಡಿಕೊಳ್ಳಿ

ಹಿಂದಿನ ಹತ್ತು ಶಾರ್ಟ್ಸ್‌ಗಳ ವ್ಯೂಸನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನ ಎರಡು ಅಂಕಿಗಳನ್ನು ನೋಡಿ. ಅದೇ ನಿಮ್ಮ ಮಾಮೂಲಿ ಮಟ್ಟ. ಸರಾಸರಿ ತೆಗೆಯಬೇಡಿ, ಹಳೆಯದೊಂದು ಚೆನ್ನಾಗಿ ಓಡಿದ್ದರೆ ಸರಾಸರಿ ಸುಳ್ಳು ಹೇಳುತ್ತದೆ. ಹೊಸ ವಿಡಿಯೋ ಆ ಮಟ್ಟದ ಹತ್ತು ಪಟ್ಟು ದಾಟಿದ್ದರೆ ಈ ಯೋಜನೆ ಶುರು ಮಾಡಿ. ಎರಡು ಮೂರು ಪಟ್ಟು ಮಾತ್ರ ಇದ್ದರೆ ಅದು ಎಂದಿನ ಏರಿಳಿತ, ನಿಮ್ಮ ದಿನಚರಿ ಕೆಡಿಸಿಕೊಳ್ಳಬೇಕಿಲ್ಲ.

ಒಂದು ಎಚ್ಚರ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪರದೆಯ ಮೇಲೆ ಶುರುವಾದರೆ ಸಾಕು, ಅದನ್ನು ಒಂದು ವ್ಯೂ ಎಂದು ಲೆಕ್ಕ ಹಾಕಲಾಗುತ್ತದೆ. ಇಷ್ಟು ಹೊತ್ತು ನೋಡಿರಬೇಕು ಎಂಬ ನಿಯಮವಿಲ್ಲ, ಮರುಪ್ರದರ್ಶನವೂ ಎಣಿಕೆಗೆ ಬರುತ್ತದೆ. ಆದ್ದರಿಂದ ಅದಕ್ಕಿಂತ ಹಳೆಯ ವಿಡಿಯೋಗಳ ಜೊತೆ ಹೋಲಿಸುವುದಿದ್ದರೆ, ಸರಿಸದೆ ನಿಂತು ನೋಡಿದ್ದನ್ನು ಮಾತ್ರ ಎಣಿಸುವ `Engaged views` ಅಂಕಿಯನ್ನು ಹಿಡಿಯಿರಿ. `Analytics`ನ `Advanced mode`ನಲ್ಲಿ ಅದು ಸಿಗುತ್ತದೆ.

## ಹಂತ 2: ಓಡುತ್ತಿರುವ ವಿಡಿಯೋದ ಸುತ್ತ ದಾರಿ ಕಟ್ಟಿ

ಇದು ಮೊದಲ ದಿನದ ಕೆಲಸ. ವಿಡಿಯೋವನ್ನು ಅಳಿಸುವುದು, ಖಾಸಗಿ ಮಾಡುವುದು, ಕೊಂಚ ತಿದ್ದಿ ಮತ್ತೆ ಹಾಕುವುದು ಯಾವುದೂ ಕೂಡದು. ಮತ್ತೆ ಹಾಕಿದ ವಿಡಿಯೋ ಸೊನ್ನೆಯಿಂದ ಶುರುವಾಗುತ್ತದೆ, ಹಳೆಯದು ಗಳಿಸಿದ ಓಟ ಅದಕ್ಕೆ ಬರುವುದಿಲ್ಲ. ಶೀರ್ಷಿಕೆಯಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿ, ಬೇರೇನೂ ಮುಟ್ಟಬೇಡಿ.

ಈಗ ಕೊಂಡಿ. ಶಾರ್ಟ್ಸ್‌ಗೆ ಕೊನೆಯ ಪರದೆಯಾಗಲೀ ಕಾರ್ಡ್‌ಗಳಾಗಲೀ ಇಲ್ಲ. 2023ರ ಆಗಸ್ಟ್ ಅಂತ್ಯದಿಂದ ಶಾರ್ಟ್ಸ್‌ನ ಕಮೆಂಟ್ ಮತ್ತು ವಿವರಣೆಯಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದೂ ಇಲ್ಲ. ಆದರೂ ಪಿನ್ ಮಾಡಿದ ಕಮೆಂಟಿನಲ್ಲಿ ಉದ್ದನೆಯ ಲಿಂಕ್ ಅಂಟಿಸಿ, ಯಾರೂ ಬರುತ್ತಿಲ್ಲವಲ್ಲ ಎಂದು ಕಾಯುವವರು ಇಂದಿಗೂ ಇದ್ದಾರೆ. ಕೆಲಸ ಮಾಡುವ ದಾರಿ `Related video`. ಸ್ಟುಡಿಯೋದಲ್ಲಿ `Content`ಗೆ ಹೋಗಿ ಆ ಶಾರ್ಟ್ಸ್ ತೆರೆದರೆ ವಿವರಗಳ ಪುಟದಲ್ಲಿ ಅದು ಕಾಣುತ್ತದೆ. ನಿಮ್ಮದೇ ಇನ್ನೊಂದು ವಿಡಿಯೋ ಆರಿಸಿ ಉಳಿಸಿದರೆ, ಶಾರ್ಟ್ಸ್ ನೋಡುತ್ತಿರುವವರಿಗೆ ಚಾನೆಲ್ ಹೆಸರಿನ ಬಳಿ ಒತ್ತಬಹುದಾದ ಕೊಂಡಿ ಕಾಣಿಸುತ್ತದೆ. ಆ ಆಯ್ಕೆ ನಿಮಗೆ ಕಾಣದಿದ್ದರೆ `Settings`ನಲ್ಲಿ `Channel`, ಅದರೊಳಗೆ `Feature eligibility` ತೆರೆದು ಯಾವ ಪರಿಶೀಲನೆ ಬಾಕಿ ಇದೆ ಎಂದು ನೋಡಿ.

ಯಾವ ವಿಡಿಯೋ ಕಟ್ಟಬೇಕು ಎಂಬುದರಲ್ಲೇ ತಪ್ಪಾಗುವುದು. ಹೊಸದನ್ನೂ ಅಲ್ಲ, ನಿಮಗೆ ಇಷ್ಟವಾದದ್ದನ್ನೂ ಅಲ್ಲ, ಓಡಿದ ವಿಡಿಯೋ ಮುಗಿದ ಕ್ಷಣದಲ್ಲಿ ಮನಸ್ಸಿಗೆ ಬರುವ ಪ್ರಶ್ನೆಗೆ ಉತ್ತರಿಸುವುದನ್ನು ಕಟ್ಟಬೇಕು. ಚೈನ್ ಸವೆದಿದೆ ಎಂದು ಗೊತ್ತಾದವರು ಮುಂದೆ ಕೇಳುವುದು ಬದಲಿಸುವುದು ಹೇಗೆ ಎಂದು. ಬ್ರೇಕ್ ಬಿಗಿ ಮಾಡುವ ಹಳೆಯ ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಅದಕ್ಕೆ ಕೆಲಸವಿಲ್ಲ. ಸರಿಹೊಂದುವ ವಿಡಿಯೋ ಇನ್ನೂ ನಿಮ್ಮಲ್ಲಿ ಇಲ್ಲದಿದ್ದರೆ ಸದ್ಯಕ್ಕೆ ಹತ್ತಿರದ ಶಾರ್ಟ್ಸ್ ಒಂದನ್ನು ಕಟ್ಟಿ, ಐದನೆಯ ಹಂತದ ಉದ್ದ ವಿಡಿಯೋ ಸಿದ್ಧವಾದ ದಿನ ಬದಲಿಸಿ.

ಪಿನ್ ಮಾಡುವ ಕಮೆಂಟು ಎರಡು ಸಾಲು ಸಾಕು, ಅದು ಪ್ರಶ್ನೆಯಾಗಿರಲಿ: "ನಿಮ್ಮ ಚೈನ್ ಎಷ್ಟು ಆಚೆ ಸರಿದಿತ್ತು? ಬದಲಿಸುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿರಿ?" ಚಂದಾದಾರರಾಗಿ ಎಂದು ಬೇಡುವ ಕಮೆಂಟಿನಿಂದ ನಿಮಗೆ ಏನೂ ತಿಳಿಯುವುದಿಲ್ಲ. ಈ ಪ್ರಶ್ನೆಗೆ ಬರುವ ಉತ್ತರಗಳು ಮುಂದಿನ ಹಂತಕ್ಕೆ ಕಚ್ಚಾ ಸಾಮಗ್ರಿ.

ಕೊನೆಗೆ ಚಾನೆಲ್ ಪುಟ. ಹೆಸರು ಒತ್ತಿ ಒಳಗೆ ಬಂದವರಿಗೆ ಮೊದಲ ಪರದೆಯಲ್ಲೇ ಅದೇ ವಿಷಯ ಕಾಣಬೇಕು. ಚೈನ್, ಗೇರ್, ಹಲ್ಲುಚಕ್ರಗಳ ಬಗ್ಗೆ ಇರುವ ಹಳೆಯ ನಾಲ್ಕೈದು ವಿಡಿಯೋ ಹೆಕ್ಕಿ ಒಂದು ಪ್ಲೇಲಿಸ್ಟ್ ಮಾಡಿ, `Customization`ನಲ್ಲಿ ಅದನ್ನು ಮೇಲಕ್ಕೆ ತನ್ನಿ. ಚಂದಾದಾರರಲ್ಲದವರಿಗೆ ತೋರುವ ಪರಿಚಯದ ವಿಡಿಯೋ ಬೇರೆ ವಿಷಯದ್ದಾಗಿದ್ದರೆ ಎರಡು ವಾರ ಅದನ್ನು ತೆಗೆದಿಡಿ.

## ಹಂತ 3: ನೂರೈವತ್ತು ಕಮೆಂಟ್ ಎಣಿಸಿ

ಕಮೆಂಟುಗಳನ್ನು ಮೇಲಿಂದ ಕೆಳಗೆ ಓದಿ ಖುಷಿಪಟ್ಟು ಮುಗಿಸಬೇಡಿ, ಎಣಿಸಿ. ಹೊಸದು ಮೊದಲು ಎಂಬ ಕ್ರಮದಲ್ಲಿಟ್ಟುಕೊಂಡು ನೂರೈವತ್ತನ್ನು ತೆಗೆದುಕೊಳ್ಳಿ. ಹೆಚ್ಚು ಲೈಕ್ ಪಡೆದವುಗಳಲ್ಲಿ ತಮಾಷೆಯವೇ ಮೇಲಿರುವುದರಿಂದ ಅವುಗಳಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಹೊಗಳಿಕೆ, ಇಮೋಜಿ, ಜಗಳ ಇವನ್ನು ಬದಿಗಿಟ್ಟು ಪ್ರಶ್ನೆಗಳನ್ನು ಮಾತ್ರ ಹಾಳೆಗೆ ಇಳಿಸಿ.

ನಮ್ಮ ಉದಾಹರಣೆಯ ಹಾಳೆ ಹೀಗಿದೆ ಎನ್ನಿ. ನೂರೈವತ್ತರಲ್ಲಿ 62 ಪ್ರಶ್ನೆಗಳು. ಹೊಸ ಚೈನ್ ಹಾಕಿದರೂ ತುಳಿಯುವಾಗ ಜಾರುತ್ತಿದೆ ಎನ್ನುವವರು 24. ಚೈನ್ ಬಿಚ್ಚುವುದು ಹೇಗೆ ಎನ್ನುವವರು 17. ಹೊಸ ಚೈನನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕು ಎನ್ನುವವರು 12. ಉಳಿದ ಒಂಬತ್ತು ಚೆಲ್ಲಾಪಿಲ್ಲಿ. ಇಲ್ಲಿ ಗಮನಿಸಿ: ಚಾನೆಲ್ ನಡೆಸುವವರು ಎಣಿಸದೆ ಊಹಿಸಿದ್ದರೆ ಮುಂದಿನ ವಿಡಿಯೋ ಚೈನ್ ಸ್ವಚ್ಛ ಮಾಡುವುದರ ಬಗ್ಗೆ ಬರುತ್ತಿತ್ತು. ಅದನ್ನು ಕೇಳಿದವರು ಇಬ್ಬರು.

ಈ ಎಣಿಕೆಯಿಂದ ಒಂದು ವಾಕ್ಯ ಹೊರಡಬೇಕು. "ಇವರು ಅಂಗಡಿಗೆ ಹೋಗುವ ಮುನ್ನ ಸೈಕಲ್‌ಗೆ ಏನಾಗಿದೆ ಎಂದು ತಾವೇ ಪತ್ತೆ ಮಾಡಲು ಬಯಸುವವರು." ಸೈಕಲ್ ಪ್ರಿಯರು ಎಂದು ಬರೆದರೆ ಆಗಲಿಲ್ಲ, ಅದರಿಂದ ಮುಂದಿನ ವಿಡಿಯೋ ಯಾವುದೆಂದು ತೀರ್ಮಾನವಾಗುವುದಿಲ್ಲ. ವಾಕ್ಯ ಎಷ್ಟು ಇಕ್ಕಟ್ಟಾಗಿರಬೇಕು ಎಂದರೆ, ನಿಮ್ಮ ಪಟ್ಟಿಯಲ್ಲಿರುವ ಹತ್ತು ಐಡಿಯಾಗಳಲ್ಲಿ ಆರು ಏಳು ಅದಕ್ಕೆ ಹೊಂದದೆ ಹೊರಬೀಳಬೇಕು.

ಎರಡು ಸಂದರ್ಭದಲ್ಲಿ ಇಲ್ಲೇ ನಿಲ್ಲಬೇಕು. ಕಮೆಂಟುಗಳಲ್ಲಿ ಬಹುಪಾಲು ನಿಮ್ಮ ತಪ್ಪನ್ನು ತೋರಿಸುತ್ತಿದ್ದರೆ, ಅವರು ಹೇಳುವುದು ಸರಿಯೂ ಆಗಿದ್ದರೆ, ಮೊದಲು ತಿದ್ದುಪಡಿಯನ್ನು ಪಿನ್ ಮಾಡಿ, ಮುಂದಿನ ಶಾರ್ಟ್ಸ್‌ನಲ್ಲಿ ಸರಿಯಾದದ್ದನ್ನೇ ತೋರಿಸಿ. ಇನ್ನೊಂದು, ಭಾಷೆ. ಮಾತಿಲ್ಲದ, ಕೈ ಮಾತ್ರ ಕಾಣುವ ವಿಡಿಯೋ ಓಡಿದಾಗ ನಿಮ್ಮ ಭಾಷೆ ಬಾರದವರೂ ದೊಡ್ಡ ಸಂಖ್ಯೆಯಲ್ಲಿ ಬಂದಿರುತ್ತಾರೆ. `Audience` ವಿಭಾಗದಲ್ಲಿ ದೇಶಗಳ ಪಟ್ಟಿ ನೋಡಿ, ಕಮೆಂಟುಗಳ ಭಾಷೆ ನೋಡಿ. ಅರ್ಧಕ್ಕಿಂತ ಹೆಚ್ಚು ಹೊರಗಿನವರಾದರೆ ಅವರೆಲ್ಲರೂ ಉಳಿಯುತ್ತಾರೆಂಬ ಲೆಕ್ಕ ಬಿಡಿ. ಮುಂದಿನವನ್ನು ಮಾತಿಲ್ಲದೆಯೇ ಅರ್ಥವಾಗುವಂತೆ ಮಾಡಿ, ಇಲ್ಲವೇ ನಿಮ್ಮ ಭಾಷೆಯವರನ್ನು ಮಾತ್ರ ಎಣಿಸಿ ಮುಂದುವರಿಯಿರಿ. ಎರಡೂ ಸರಿಯೇ, ಆದರೆ ಯಾವುದೆಂದು ಈಗಲೇ ನಿರ್ಧರಿಸಬೇಕು.

## ಹಂತ 4: ಮೂರು ಶಾರ್ಟ್ಸ್ ಸಿದ್ಧಪಡಿಸಿ

ಮೂರು ಮಾತ್ರ. ಹಾಳೆಯಲ್ಲಿ ಹೆಚ್ಚು ಮತ ಬಿದ್ದ ಮೂರು ಪ್ರಶ್ನೆಗಳೇ ಮೂರು ವಿಡಿಯೋ. ಓಡಿದ್ದನ್ನೇ ಬಟ್ಟೆ ಬದಲಿಸಿ ಮತ್ತೆ ತೋರಿಸಬೇಡಿ, ಪ್ರಶ್ನೆಗೆ ಉತ್ತರ ಸಿಕ್ಕವರು ಅದೇ ಉತ್ತರ ಕೇಳಲು ನಿಲ್ಲುವುದಿಲ್ಲ. ಉಳಿಸಿಕೊಳ್ಳಬೇಕಾದದ್ದು ಕಟ್ಟು: ಅದೇ ಕೋನ, ಅದೇ ವೇಗ, ಹತ್ತಿರ ಹತ್ತಿರ ಅಷ್ಟೇ ಉದ್ದ, ಮೊದಲ ಚಿತ್ರದಲ್ಲೇ ಸಮಸ್ಯೆ.

ಅತಿ ಸಾಮಾನ್ಯ ತಪ್ಪು ಮೊದಲ ಮಾತಿನಲ್ಲಿದೆ. "ಹೋದ ವಿಡಿಯೋಗೆ ನೀವು ಕೊಟ್ಟ ಪ್ರೀತಿಗೆ ಧನ್ಯವಾದ" ಎಂದು ಶುರು ಮಾಡುವುದು. ಈ ಶಾರ್ಟ್ಸ್ ಫೀಡ್‌ನಲ್ಲಿ ಯಾರ ಮುಂದೆ ಬರುತ್ತದೋ ಅವರಲ್ಲಿ ಬಹಳ ಜನ ಹೋದ ವಿಡಿಯೋ ನೋಡಿಯೇ ಇರುವುದಿಲ್ಲ. ಅವರಿಗೆ ಆ ಧನ್ಯವಾದ ಯಾರದೋ ಮನೆಯ ಮಾತು, ಎರಡನೆಯ ಸೆಕೆಂಡಿಗೇ ಸರಿಸಿಬಿಡುತ್ತಾರೆ. ಭಾಗ 2 ಎಂದು ದಪ್ಪಕ್ಷರದಲ್ಲಿ ಬರೆಯುವುದರದೂ ಇದೇ ಕಥೆ. ಪ್ರತಿಯೊಂದೂ ಒಂಟಿಯಾಗಿ ನಿಲ್ಲುವಂತಿರಲಿ.

ಮೊದಲನೆಯ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ಹೊಸ ಚೈನ್ ಯಾಕೆ ಜಾರುತ್ತದೆ? ಹಳೆಯ ಚೈನ್ ಹಿಗ್ಗಿದಂತೆ ಹಿಂದಿನ ಚಕ್ರದ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆದಿರುತ್ತವೆ. ಹೊಸ ಚೈನಿನ ಕೊಂಡಿಗಳ ಅಂತರ ಸರಿಯಾಗಿದೆ, ಹಲ್ಲುಗಳದ್ದು ಸರಿಯಾಗಿಲ್ಲ. ಅದಕ್ಕೇ ಬಲ ಹಾಕಿ ತುಳಿದಾಗ ಹಲ್ಲಿನ ಮೇಲಿಂದ ಹಾರುತ್ತದೆ. ಇಪ್ಪತ್ತನಾಲ್ಕನೆಯ ಪಿನ್ 1/8 ಇಂಚು ಆಚೆ ಹೋಗುವವರೆಗೂ ಹಳೆಯ ಚೈನ್ ಓಡಿಸಿದ್ದರೆ ಹಿಂದಿನ ಹಲ್ಲುಚಕ್ರವನ್ನೂ ಬಹುತೇಕ ಬದಲಿಸಬೇಕಾಗುತ್ತದೆ.

ಇದನ್ನು ಶಾರ್ಟ್ಸ್ ಮಾಡುವ ಬಗೆ: ಮೊದಲ ಎರಡು ಸೆಕೆಂಡು ಪೆಡಲ್ ತುಳಿಯುವಾಗ ಚೈನ್ ಟಕ್ಕೆಂದು ಹಾರುವ ದೃಶ್ಯ, ಆ ಸದ್ದಿನ ಸಮೇತ. ಅದರ ಮೇಲೆ ಒಂದೇ ಸಾಲು, "ಹೊಸ ಚೈನ್, ಆದರೂ ಜಾರುತ್ತಿದೆ". ಹತ್ತನೆಯ ಸೆಕೆಂಡಿನ ಒಳಗೆ ಸವೆದ ಹಲ್ಲು ಮತ್ತು ಹೊಸ ಹಲ್ಲು ಅಕ್ಕಪಕ್ಕ. ಸವೆದದ್ದು ಒಂದು ಬದಿಗೆ ಬಾಗಿ ಮೊನಚಾಗಿರುವುದು ಬೆರಳು ತೋರಿಸದೆಯೇ ಕಾಣಬೇಕು, ಅಷ್ಟು ಹತ್ತಿರಕ್ಕೆ ಕ್ಯಾಮೆರಾ ಹೋಗಲಿ. ಆಮೇಲೆ ಸ್ಕೇಲ್ ಅಳತೆ, ಕೊನೆಯಲ್ಲಿ ತೀರ್ಪು. ನಲವತ್ತು ಸೆಕೆಂಡಿಗೆ ಮುಗಿಯುತ್ತದೆ. ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಇರಬಹುದು ನಿಜ, ಆದರೆ 38 ಸೆಕೆಂಡಿನದಕ್ಕೆ ನಿಂತವರ ಮುಂದೆ ಮರುದಿನವೇ ಮೂರು ನಿಮಿಷದ್ದು ಇಡಬೇಡಿ.

ಮೊಬೈಲ್ ಆ್ಯಪ್‌ನಲ್ಲಿ ಒಂದು ಕಮೆಂಟಿಗೆ ಶಾರ್ಟ್ಸ್ ಮೂಲಕವೇ ಉತ್ತರಿಸುವ ಸೌಲಭ್ಯವಿದೆ, ಆ ಕಮೆಂಟು ವಿಡಿಯೋ ಮೇಲೆ ಕಾಣುತ್ತದೆ. ಮೂರರಲ್ಲಿ ಒಂದಕ್ಕೆ ಇದನ್ನು ಬಳಸಿ. ಕೇಳಿದರೆ ಉತ್ತರ ಸಿಗುವ ಜಾಗ ಇದು ಎಂದು ನೋಡುವವರಿಗೆ ತಾನಾಗಿ ಗೊತ್ತಾಗುತ್ತದೆ.

## ಹಂತ 5: ಒಂದು ಉದ್ದ ವಿಡಿಯೋ, ಯಾವಾಗ ಏನು ಹಾಕಬೇಕು

ಶಾರ್ಟ್ಸ್ ಜನರನ್ನು ತರುತ್ತದೆ, ಚಾನೆಲ್ ಗುರುತು ಹತ್ತುವುದು ಏಳೆಂಟು ನಿಮಿಷ ನಿಮ್ಮ ಜೊತೆ ಕುಳಿತಾಗ. ಮೂರು ಪ್ರಶ್ನೆಗಳನ್ನೂ ಒಂದೇ ಕೆಲಸವಾಗಿ ಹೆಣೆಯಿರಿ: ಅಳೆಯುವುದು, ಬಿಚ್ಚುವುದು, ಉದ್ದ ನೋಡಿ ಕತ್ತರಿಸುವುದು, ಹಾಕಿ ಓಡಿಸಿ ನೋಡುವುದು. ಮೂರು ಶಾರ್ಟ್ಸ್‌ಗಳನ್ನು ಅಂಟಿಸಿ ಉದ್ದ ಮಾಡಿದರೆ ಅದು ಯಾರಿಗೂ ಬೇಡ.

ದಿನಗಳು ಹೀಗೆ. ಮೊದಲ ಶಾರ್ಟ್ಸ್ ಎರಡನೆಯ ಅಥವಾ ಮೂರನೆಯ ದಿನ. ಎರಡನೆಯದು ಐದನೆಯ ದಿನ. ಉದ್ದ ವಿಡಿಯೋ ಏಳನೆಯ ದಿನ. ಕೊನೆಯ ಶಾರ್ಟ್ಸ್ ಒಂಬತ್ತನೆಯ ದಿನ. ಎರಡು ಶಾರ್ಟ್ಸ್ ನಡುವೆ ಎರಡು ದಿನವಾದರೂ ಬಿಡುವುದು ಏಕೆಂದರೆ ಸ್ಟುಡಿಯೋದ ವಿವರವಾದ ಅಂಕಿಗಳು ತಡವಾಗಿ ಬರುತ್ತವೆ. ಮೊದಲನೆಯದರಲ್ಲಿ ಜನ ಎಲ್ಲಿ ಸರಿಸಿದರು ಎಂದು ನೋಡಿ ಎರಡನೆಯದನ್ನು ತಿದ್ದಲು ಆ ಬಿಡುವು ಬೇಕು. ಏರಿಕೆ ಕಂಡ ರಾತ್ರಿಯೇ ನಾಲ್ಕು ವಿಡಿಯೋ ಸುರಿದವರಿಗೆ ತಿದ್ದಲು ಏನೂ ಉಳಿದಿರುವುದಿಲ್ಲ.

ಉದ್ದ ವಿಡಿಯೋ ಹಾಕಿದ ಗಂಟೆಯೊಳಗೆ ಓಡಿದ ಶಾರ್ಟ್ಸ್‌ನ ಮತ್ತು ಹೊಸ ಶಾರ್ಟ್ಸ್‌ಗಳ `Related video` ಅದಕ್ಕೆ ಬದಲಾಗಬೇಕು. ಒಂಬತ್ತನೆಯ ದಿನದ್ದಕ್ಕೆ ಹಾಕುವಾಗಲೇ ಕಟ್ಟಿ. ಪಿನ್ ಮಾಡಿದ ಕಮೆಂಟಿಗೂ ಒಂದು ಸಾಲು ಸೇರಿಸಿ: ಪೂರ್ತಿ ಕೆಲಸ ಚಾನೆಲ್ ಹೆಸರಿನ ಬಳಿಯ ಕೊಂಡಿಯಲ್ಲಿದೆ ಎಂದು. ಇದೊಂದನ್ನು ಮರೆತು ಇಡೀ ಯೋಜನೆ ಕೆಡಿಸಿಕೊಂಡವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಂದು ನಿಮಿಷದ ಕೆಲಸ ಅದು.

ಈ ಎರಡು ವಾರ ಚಾನೆಲ್‌ನಲ್ಲಿ ಬೇರೆ ವಿಷಯ ಬರಬಾರದು. ಮೊದಲೇ ವೇಳೆ ನಿಗದಿ ಮಾಡಿಟ್ಟ ವಿಡಿಯೋಗಳಿದ್ದರೆ ದಿನಾಂಕ ಮುಂದೂಡಿ.

## ಹಂತ 6: ಅಂಕಿಗಳನ್ನು ಓದುವ ಬಗೆ

ಹಿಂಬಾಲಿಸಿ ಬಂದ ಶಾರ್ಟ್ಸ್ ಓಡಿದ್ದರ ಹತ್ತರಲ್ಲೊಂದು ಪಾಲೂ ಮುಟ್ಟದಿರಬಹುದು. ಅದು ಸೋಲಲ್ಲ. ಹೋಲಿಕೆ ಯಾವಾಗಲೂ ಮೊದಲ ಹಂತದಲ್ಲಿ ಬರೆದಿಟ್ಟ ಮಾಮೂಲಿ ಮಟ್ಟದ ಜೊತೆ.

ಎರಡನೆಯ ಲೆಕ್ಕ ಸಾವಿರ ವ್ಯೂಸ್‌ಗೆ ಎಷ್ಟು ಚಂದಾದಾರರು ಎಂಬುದು. ಪ್ರತಿ ವಿಡಿಯೋದ ಅಂಕಿಅಂಶದಲ್ಲಿ ಅದರಿಂದ ಬಂದ ಚಂದಾದಾರರ ಸಂಖ್ಯೆ ಇರುತ್ತದೆ, ಅದನ್ನು ವ್ಯೂಸ್‌ನಿಂದ ಭಾಗಿಸಿ ಸಾವಿರದಿಂದ ಗುಣಿಸಿ. ನಮ್ಮ ಉದಾಹರಣೆಯಲ್ಲಿ ಓಡಿದ ವಿಡಿಯೋಗೆ 4,20,000 ವ್ಯೂಸ್, 630 ಚಂದಾದಾರರು, ಅಂದರೆ ಸಾವಿರಕ್ಕೆ ಒಂದೂವರೆ. ಚೈನ್ ಜಾರುವ ಶಾರ್ಟ್ಸ್‌ಗೆ ಬರೀ 9,000 ವ್ಯೂಸ್, ಆದರೆ 54 ಚಂದಾದಾರರು, ಸಾವಿರಕ್ಕೆ ಆರು. ವ್ಯೂಸ್ ನೋಡಿ ನಿರಾಶರಾಗಿ ದಾರಿ ಬದಲಿಸಿದ್ದರೆ ನಾಲ್ಕು ಪಟ್ಟು ಗಟ್ಟಿಯಾದ ವಿಷಯ ಕೈಬಿಡುತ್ತಿತ್ತು.

ಸ್ಟುಡಿಯೋ ನಿಂತು ನೋಡಿದವರು ಎಷ್ಟು, ಸರಿಸಿ ಹೋದವರು ಎಷ್ಟು ಎಂಬುದನ್ನೂ ತೋರಿಸುತ್ತದೆ. ಇದನ್ನು ನೋಡುವ ಕ್ರಮ ಹೀಗಿದೆ. ಸರಿಸಿದವರು ನಿಮ್ಮ ಮಾಮೂಲಿಗಿಂತ ಬಹಳ ಹೆಚ್ಚಿದ್ದರೆ ದೋಷ ಮೊದಲ ಚಿತ್ರದಲ್ಲಿದೆ, ವಿಷಯದಲ್ಲಿ ಇರಬೇಕೆಂದೇನಿಲ್ಲ. ನಿಂತವರು ಸಾಕಷ್ಟಿದ್ದು, ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಎಂದು ತೋರಿಸುವ ಗೆರೆ ಅರ್ಧದಲ್ಲೇ ಕುಸಿದಿದ್ದರೆ ಉತ್ತರ ಬೇಗ ಬಂದು ಉಳಿದದ್ದು ಹಿಗ್ಗಿದೆ. ಎರಡೂ ಚೆನ್ನಾಗಿದ್ದು `Related video` ಒತ್ತಿ ಯಾರೂ ಬರದಿದ್ದರೆ ಕಟ್ಟಿದ ವಿಡಿಯೋ ಮುಂದಿನ ಪ್ರಶ್ನೆಯದ್ದಲ್ಲ ಎಂದು ತಿಳಿಯಿರಿ.

ಹದಿನಾಲ್ಕನೆಯ ದಿನ `Audience` ತೆರೆದು ಹೊಸ ವೀಕ್ಷಕರ ಪಕ್ಕದಲ್ಲಿ ಮರಳಿ ಬಂದವರನ್ನು ನೋಡಿ. ಹೊಸಬರ ಗೆರೆ ಇಳಿಯುವುದು ಖಂಡಿತ. ಮರಳಿ ಬಂದವರ ಗೆರೆ ಏರಿಕೆಗೆ ಮುಂಚಿನದಕ್ಕಿಂತ ಮೇಲೆ ನಿಂತಿದ್ದರೆ ಯೋಜನೆ ಫಲಿಸಿದೆ.

## ಹಂತ 7: ಅಲೆ ಇಳಿದ ಮೇಲೆ

ಹದಿನೈದನೆಯ ದಿನ ಹಳೆಯ ವಿಷಯಗಳಿಗೆ ಒಮ್ಮೆಲೇ ಜಿಗಿಯಬೇಡಿ, ಒಂದೊಂದೇ ಹೆಜ್ಜೆ ದೂರ ಸರಿಯಿರಿ. ಸವೆದದ್ದನ್ನು ತಾವೇ ಪತ್ತೆ ಮಾಡಲು ಬಂದವರಿಗೆ ಬ್ರೇಕ್ ಪ್ಯಾಡ್ ಸವೆತ ನೋಡುವುದು ಹತ್ತಿರದ ವಿಷಯ, ಟೈರಿನ ಸವೆತವೂ ಹತ್ತಿರದ್ದೇ. ಸೈಕಲ್ ಪ್ರವಾಸದ ವಿಡಿಯೋ ಬಹಳ ದೂರದ್ದು. ಮೂರು ವಿಡಿಯೋಗಳಲ್ಲಿ ಎರಡು ಹೊಸಬರ ವಾಕ್ಯಕ್ಕೆ, ಒಂದು ಹಳಬರಿಗೆ ಎಂಬ ಲೆಕ್ಕ ತಿಂಗಳ ಮಟ್ಟಿಗೆ ಹಿಡಿದು ನೋಡಿ.

ಇಷ್ಟರಲ್ಲಿ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡುವ ಯೂಟ್ಯೂಬ್ ಪಾರ್ಟ್ನರ್ ಯೋಜನೆಯ ಲೆಕ್ಕ ಹಾಕುವವರಿದ್ದರೆ ಒಂದು ಮಾತು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು 4,000 ಗಂಟೆಗಳ ಷರತ್ತಿಗೆ ಸೇರುವುದಿಲ್ಲ. ಶಾರ್ಟ್ಸ್ ದಾರಿಯ ಷರತ್ತು ಬೇರೆಯೇ ಇದೆ, 90 ದಿನಗಳಲ್ಲಿ ಒಂದು ಕೋಟಿ `Engaged views` ಮತ್ತು 1,000 ಚಂದಾದಾರರು. ಗಂಟೆಗಳ ದಾರಿ ಹಿಡಿದವರಿಗೆ ಏಳನೆಯ ದಿನದ ಉದ್ದ ವಿಡಿಯೋವೇ ಆಸರೆ.

ಓಡಿದ ಶಾರ್ಟ್ಸ್ ವಾರಗಳ ಬಳಿಕ ಮತ್ತೆ ಚಿಗುರುವುದುಂಟು. ಹಾಗಾಗಿ ತಿಂಗಳಿಗೊಮ್ಮೆ ಅದನ್ನು ತೆರೆದು ಕೊಂಡಿ ಸರಿಯಿದೆಯೇ, ಪಿನ್ ಮಾಡಿದ ಮಾತು ಇನ್ನೂ ನಿಜವೇ, ಹೊಸ ಪ್ರಶ್ನೆ ಏನಾದರೂ ಐದಾರು ಸಲ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಹಾಳೆಯಲ್ಲಿ ಬರೆದುಕೊಳ್ಳಿ, ಮುಂದಿನ ಶಾರ್ಟ್ಸ್ ಅದು.